ಡ್ರೈವರ್‌ನ ಕೆಲಸದ ಗಂಟೆ ಎಲ್ಲಿಂದ ಶುರು? ಬ್ಯಾಡಗಿಯಿಂದ ವಾಶಿಗೆ ಹೊರಟ ಒಂದು ಲೋಡಿನ ಲೆಕ್ಕ

ಕಾರ್ಮಿಕ ಕಾನೂನು ಓದುವವರಲ್ಲಿ ಹೆಚ್ಚಿನವರು ಈ ಪಾಠವನ್ನು "ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ" ಅಂತ ಬರೆದುಕೊಂಡು ಮುಂದೆ ಹೋಗಿಬಿಡುತ್ತಾರೆ. ನಾನೂ ಹಾಗೇ ಮಾಡಿದ್ದೆ. ನಮ್ಮ ಕಾಕಾ ಲಾರಿ ಓಡಿಸುತ್ತಾರೆ. ಅವರ ಟ್ರಿಪ್ ಪುಸ್ತಕದ ಒಂದು ಪುಟ ಎದುರಿಗೆ ಇಟ್ಟುಕೊಂಡು ಲೆಕ್ಕ ಹಾಕಲು ಕೂತಾಗ ಮಾತ್ರ ಈ ನಿಯಮ ಯಾಕೆ ಹೀಗಿದೆ ಅಂತ ಅರ್ಥ ಆಯಿತು. ಅದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಕಾನೂನು ಯಾವುದು ಅನ್ನುವುದು ಗೊತ್ತಿರಲಿ. ಮೂಲ ನಿಯಮಗಳು ಇದ್ದದ್ದು 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಲ್ಲಿ. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ವೃತ್ತಿ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿ ಸಂಹಿತೆ ಬಂದಿದೆ. ದಿನಕ್ಕೆ 8 ಗಂಟೆ ಅನ್ನುವುದು ಅಲ್ಲೂ ಉಳಿದಿದೆ, ಆದರೆ ಬಿಡುವು ಎಷ್ಟು, ಡ್ಯೂಟಿ ಎಷ್ಟು ಉದ್ದ ಹರಡಬಹುದು ಅನ್ನುವುದನ್ನು ಸರ್ಕಾರದ ಅಧಿಸೂಚನೆಗೆ ಬಿಟ್ಟಿದ್ದಾರೆ. ಲೆಕ್ಕ ಕಲಿಯಲು 1961ರದ್ದೇ ಚೆನ್ನಾಗಿದೆ, ಯಾಕೆಂದರೆ ಎಲ್ಲ ಸಂಖ್ಯೆಗಳೂ ಒಂದೇ ಕಡೆ ಸಿಗುತ್ತವೆ.

ಆ ಕಾಯ್ದೆಯನ್ನು ಮೂರು ಗಡಿಯಾರ ಅಂದುಕೊಂಡು ಓದಿ. ಒಂದನೆಯದು ಕೆಲಸದ ಗಡಿಯಾರ. 8 ಗಂಟೆಗೆ ನಿಲ್ಲಬೇಕು, ದೂರದ ರೂಟು ಅಥವಾ ಹಬ್ಬದ ಗದ್ದಲ ಇದ್ದರೆ ಅಧಿಕಾರಿಯ ಒಪ್ಪಿಗೆ ಪಡೆದು 10 ಗಂಟೆವರೆಗೆ ಹೋಗಬಹುದು, ಆದರೆ ವಾರಕ್ಕೆ 54 ದಾಟುವಂತಿಲ್ಲ. ಈ ಗಡಿಯಾರದ ಒಳಗೇ ಇನ್ನೊಂದು ಮಾತಿದೆ. ಸತತ 5 ಗಂಟೆ ಕೆಲಸ ಆದರೆ ಅರ್ಧ ಗಂಟೆ ಬಿಡುವು ಕೊಡಲೇಬೇಕು. ಎರಡನೆಯದು ಡ್ಯೂಟಿಯ ಗಡಿಯಾರ, ಪುಸ್ತಕದಲ್ಲಿ ಇದನ್ನು ಸ್ಪ್ರೆಡ್‌ಓವರ್ ಅನ್ನುತ್ತಾರೆ. ಡ್ಯೂಟಿಗೆ ಬಂದ ಕ್ಷಣದಿಂದ ಡ್ಯೂಟಿ ಬಿಡುವ ಕ್ಷಣದವರೆಗೆ, ನಡುವೆ ಊಟ ಮಾಡಲಿ, ಸುಮ್ನೆ ಕೂತಿರಲಿ, ಒಟ್ಟು 12 ಗಂಟೆ ಮೀರಬಾರದು. ಮೂರನೆಯದು ವಿಶ್ರಾಂತಿಯದು. ಇವತ್ತಿನ ಡ್ಯೂಟಿ ಮುಗಿದು ನಾಳಿನ ಡ್ಯೂಟಿ ಶುರುವಾಗುವ ನಡುವೆ ಕನಿಷ್ಠ 9 ಗಂಟೆ, ಅದೂ ಒಂದೇ ತುಂಡಾಗಿ. ಗಾಡಿ ಕೆಟ್ಟು ನಿಂತರೆ, ರಸ್ತೆ ಬಂದ್ ಆದರೆ, ಪ್ರವಾಹದಂಥದ್ದು ಬಂದರೆ ಇವುಗಳಲ್ಲಿ ಸಡಿಲಿಕೆ ಇದೆ. ಮಾಲು ಬೇಗ ಮುಟ್ಟಬೇಕು ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ.

ಈಗ ಕಾಕಾನ ಟ್ರಿಪ್. ಬ್ಯಾಡಗಿ ಮೆಣಸಿನಕಾಯಿ ಲೋಡು, ನವಿ ಮುಂಬೈನ ವಾಶಿ ಮಾರ್ಕೆಟ್ಟಿಗೆ. ಸುಮಾರು 600 ಕಿಲೋಮೀಟರ್ ಮೇಲೆ. ಲೋಡ್ ಆದ ಲಾರಿಗೆ ಗಂಟೆಗೆ ಸರಾಸರಿ 40 ಹಿಡಿದರೆ ಬರೀ ಓಟಕ್ಕೇ 15 ಗಂಟೆ ಬೇಕು.

ಸೋಮವಾರ ಬೆಳಿಗ್ಗೆ 6ಕ್ಕೆ ಎದ್ದರು. 11ಕ್ಕೆ ಬ್ಯಾಡಗಿಯಲ್ಲಿ ಲಾರಿ ಪಾಳಿಗೆ ಹಚ್ಚಿದರು. ಪಾಳಿ ಬಂದಿದ್ದು ಮಧ್ಯಾಹ್ನ ಎರಡೂವರೆಗೆ. ಅಲ್ಲಿಂದ 5ರವರೆಗೆ ಹಮಾಲರು ಚೀಲ ಏರಿಸಿದರು, ಕಾಕಾ ಮೇಲೆ ನಿಂತು ಚೀಲ ಸರಿಯಾಗಿ ಕೂಡಿಸಿ, ತಾಡಪಲ್ ಹೊದಿಸಿ, ಹಗ್ಗ ಬಿಗಿದರು. ಮೆಣಸಿನಕಾಯಿ ಘಾಟು ಹೇಗಿರುತ್ತದೆ ಅಂದರೆ ಲೋಡ್ ಮುಗಿಯುವ ಹೊತ್ತಿಗೇ ಕಣ್ಣು ಕೆಂಪಾಗಿ, ನಿದ್ದೆಗೆಟ್ಟವರ ಹಾಗೆ ಕಾಣುತ್ತಾರೆ. ಬಿಲ್ಲು, ಡೀಸೆಲ್ ಎಲ್ಲ ಮುಗಿಸಿ 6ಕ್ಕೆ ಹೊರಟರು.

ಪುಸ್ತಕದಲ್ಲಿ ಟ್ರಿಪ್ ಶುರು ಅಂತ ಬರೆದಿದ್ದು ಸಂಜೆ 6. ಎಡವುವುದು ಇಲ್ಲೇ.

ಕಾನೂನಿನ ಪ್ರಕಾರ ಲೋಡ್ ಮಾಡುವುದು, ಇಳಿಸುವುದು, ಲೆಕ್ಕ ಬರೆಯುವುದು, ಗಾಡಿ ರಿಪೇರಿ, ಎಲ್ಲವೂ ಕೆಲಸವೇ. ಇದಕ್ಕೆ ಪೂರಕ ಕೆಲಸ ಅಂತ ಹೆಸರು. ಅಂದರೆ 2:30ರಿಂದ 6ರವರೆಗಿನ ಮೂರೂವರೆ ಗಂಟೆ ಕೆಲಸದ ಗಡಿಯಾರದಲ್ಲಿ ಆಗಲೇ ಓಡಿದೆ. ಸ್ಟೇರಿಂಗ್ ಮುಟ್ಟುವ ಮೊದಲೇ! ಹಾಗಿದ್ದರೆ 11ರಿಂದ 2:30ರವರೆಗೆ ಪಾಳಿಯಲ್ಲಿ ಕಾದಿದ್ದು? ಅದು ಸ್ವಲ್ಪ ಸೂಕ್ಷ್ಮ. ಮಾಲೀಕರ ಕೈಕೆಳಗೆ ಇದ್ದು, ಗಾಡಿ ಬಿಟ್ಟು ಹೋಗುವಂತಿಲ್ಲ, ಮುಂದಿನದು ಸರಿದಾಗ ತಾನೂ ಸರಿಸಬೇಕು ಅಂದರೆ ಅದೂ ಕೆಲಸ ಅಂತ ವಾದಿಸಬಹುದು. ಆದರೆ ಟರ್ಮಿನಲ್‌ನಲ್ಲಿ ಬರೀ ಹಾಜರಿದ್ದ ಸಮಯ 15 ನಿಮಿಷಕ್ಕಿಂತ ಕಡಿಮೆ ಇದ್ದರೆ ಮಾತ್ರ ಕೆಲಸದಲ್ಲಿ ಸೇರುತ್ತದೆ ಅಂತ ಕಾಯ್ದೆಯಲ್ಲಿದೆ, ಮಾಲೀಕರು ಅದನ್ನೇ ಹಿಡಿಯುತ್ತಾರೆ. ಡ್ರೈವರ್‌ಗೆ ಕೆಟ್ಟದಾಗುವ ಅರ್ಥವನ್ನೇ ತೆಗೆದುಕೊಳ್ಳೋಣ. ಕಾದ ಸಮಯ ಕೆಲಸದಲ್ಲಿ ಇಲ್ಲ ಅಂತಲೇ ಇಟ್ಟುಕೊಳ್ಳೋಣ.

ಹಾಗಾದರೂ ಎರಡನೇ ಗಡಿಯಾರ 11ಕ್ಕೇ ಶುರುವಾಗಿದೆ, ಅಲ್ವಾ? ಸ್ಪ್ರೆಡ್‌ಓವರ್ ಇರುವುದೇ ಇದಕ್ಕೆ. "ಕಾದಿದ್ದು ಕೆಲಸ ಅಲ್ಲ" ಅಂತ ಕಳೆಯುತ್ತಾ ಹೋದರೆ ಮನುಷ್ಯನ ಇಡೀ ದಿನ ಡ್ಯೂಟಿಯಲ್ಲೇ ಕಳೆದು ಹೋಗುತ್ತದೆ, ಮೈ ಮಾತ್ರ ಅದನ್ನು ಕಳೆಯುವುದಿಲ್ಲ. ಹಾಗಾಗಿ 11ಕ್ಕೆ 12 ಕೂಡಿಸಿ. ರಾತ್ರಿ 11ಕ್ಕೆ ಲಾರಿ ನಿಲ್ಲಬೇಕು.

ಕೆಲಸದ ಗಡಿಯಾರವನ್ನೂ ನೋಡೋಣ. 2:30ಕ್ಕೆ ಶುರುವಾದ ಕೆಲಸಕ್ಕೆ 7:30ರ ಒಳಗೆ ಅರ್ಧ ಗಂಟೆ ಬಿಡುವು ಬೇಕು. 7:15ಕ್ಕೆ ಶಿಗ್ಗಾಂವಿ ಆಸುಪಾಸಿನ ಢಾಬಾದಲ್ಲಿ ನಿಂತು 7:45ಕ್ಕೆ ಬಿಟ್ಟರು ಅಂತ ಇಟ್ಟುಕೊಳ್ಳಿ. ಲೋಡು ಮತ್ತು ಕಾಗದಪತ್ರ ಮೂರೂವರೆ, ಢಾಬಾವರೆಗೆ ಒಂದೂಕಾಲು, ಅಲ್ಲಿಂದ 11ರವರೆಗೆ ಮೂರೂಕಾಲು. ಕೂಡಿಸಿದರೆ ಸರಿಯಾಗಿ 8. ಎರಡೂ ಗಡಿಯಾರ ಒಟ್ಟಿಗೇ ಮುಗಿದವು, ಲಾರಿ ಸುಮಾರು 180 ಕಿಲೋಮೀಟರ್ ಬಂದು ಬೆಳಗಾವಿ ಹತ್ತಿರ ಇದೆ. ಮೂರನೇ ಗಡಿಯಾರ ಈಗ ಶುರು, ಮಂಗಳವಾರ ಬೆಳಿಗ್ಗೆ 8ಕ್ಕಿಂತ ಮೊದಲು ಗಾಡಿ ತೆಗೆಯುವಂತಿಲ್ಲ. ಉಳಿದ 420 ಕಿಲೋಮೀಟರಿಗೆ ಹತ್ತೂವರೆ ಗಂಟೆ ಓಟ ಬೇಕು, ಒಪ್ಪಿಗೆ ಪಡೆದ 10 ಗಂಟೆಯಲ್ಲೂ ಅದು ಮುಗಿಯುವುದಿಲ್ಲ. ಅಂದರೆ ಒಬ್ಬನೇ ಡ್ರೈವರ್ ಆದರೆ ಕಾನೂನಿನ ಪ್ರಕಾರ ಮಾಲು ಮುಟ್ಟುವುದು ಬುಧವಾರ.

ಕಾಕಾ ಮುಟ್ಟಿಸಿದ್ದು ಮಂಗಳವಾರ ಬೆಳಿಗ್ಗೆ. ನಿಲ್ಲಿಸಲೇ ಇಲ್ಲ.

"ತಡಾ ಆದ್ರ ಬಾಡಗಿ ಕಟ್ ಮಾಡ್ತಾರಪ, ನಂದು ಟ್ರಿಪ್ ಲೆಕ್ಕದ ಪಗಾರ. ಬೆಳಗಾವ್ಯಾಗ ಮಲ್ಕೊಂಡ್ರ ಯಾರ್ ಕೊಡ್ತಾರ?" ಅಂದರು. ಹೆಚ್ಚುವರಿ ಗಂಟೆಗೆ ಎರಡು ಪಟ್ಟು ಕೂಲಿ ಕೊಡಬೇಕು ಅಂತ ಕಾಯ್ದೆಯಲ್ಲಿದೆ. ಆದರೆ ಗಂಟೆಯನ್ನೇ ಎಣಿಸದ ಕಡೆ ಎರಡು ಪಟ್ಟು ಯಾವುದಕ್ಕೆ ಕೊಡುತ್ತಾರೆ? ನನ್ನ ಪ್ರಕಾರ ಡ್ರೈವರ್ ನಿದ್ದೆಗೆಡುವುದು ಮೊದಲು ಪಗಾರದ ಪದ್ಧತಿಯ ತಪ್ಪು, ಆಮೇಲೆ ಅವನದ್ದು.

ಈಗ ಯಾಕೆ ಈ ನಿಯಮ ಅನ್ನುವ ಭಾಗ. 6ಕ್ಕೆ ಎದ್ದವರಿಗೆ ರಾತ್ರಿ 11 ಅಂದರೆ ಎಚ್ಚರವಾಗಿ 17 ಗಂಟೆ. 1997ರಲ್ಲಿ ಆಸ್ಟ್ರೇಲಿಯಾದ ಡಾಸನ್ ಮತ್ತು ರೀಡ್ ಇದನ್ನು ಅಳೆದು ತೋರಿಸಿದರು. 17 ಗಂಟೆ ಎಚ್ಚರ ಇದ್ದವರ ಕೈ ಮತ್ತು ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05 ಶೇಕಡಾ ಮದ್ಯ ಇದ್ದವರಷ್ಟೇ ಕುಗ್ಗಿರುತ್ತದೆ. ನಮ್ಮ ದೇಶದಲ್ಲಿ ಕುಡಿದು ಓಡಿಸುವುದಕ್ಕೆ ಮಿತಿ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ 0.03. ಒಂದು ಹನಿ ಮುಟ್ಟದ ಕಾಕಾ ಬೆಳಗಾವಿಯಲ್ಲೇ ಆ ಗೆರೆ ದಾಟಿದವರ ಹಾಗಿದ್ದರು. ಊದಿಸಿ ನೋಡಿದರೆ ಯಂತ್ರ ಸೊನ್ನೆ ತೋರಿಸುತ್ತದೆ. ನಿದ್ದೆಯನ್ನು ಹಾಗೆ ಊದಿಸಿ ಹಿಡಿಯಲು ಬರುವುದಿಲ್ಲ, ಅದಕ್ಕೇ ಕಾನೂನು ಗಂಟೆ ಎಣಿಸುತ್ತದೆ.

ಅದರ ಮೇಲೆ ದೇಹದ ಗಡಿಯಾರ ಬೇರೆ. ರಾತ್ರಿ 2ರಿಂದ ನಸುಕಿನ 5ರ ನಡುವೆ ಎಷ್ಟೇ ಗಟ್ಟಿ ಮನುಷ್ಯನಾದರೂ ಎಚ್ಚರ ತಳ ಮುಟ್ಟುತ್ತದೆ. ಕಾಕಾ ನಸುಕಿನ 4ಕ್ಕೆ ಕರಾಡ್ ಹತ್ತಿರ ಇದ್ದರು, ಎದ್ದು 22 ಗಂಟೆ ಆಗಿತ್ತು. ಒದ್ದೆ ಟವೆಲ್ ಕುತ್ತಿಗೆಗೆ ಹಾಕಿಕೊಂಡು, ಕಿಟಕಿ ತೆಗೆದು ಓಡಿಸುತ್ತಿದ್ದರಂತೆ. "ಟೋಲ್ ದಾಟಿದ್ದ ನೆನಪ ಇಲ್ಲ, ಚೀಟಿ ನೋಡಿದ ಮ್ಯಾಲ ಗೊತ್ತಾತು" ಅಂದರು. ಇದೇ ಅಪಾಯದ ಗುರುತು. ಕಣ್ಣು ತೆರೆದೇ ಇರಬಹುದು, ಮೆದುಳು ಮೂರು ನಾಲ್ಕು ಸೆಕೆಂಡು ಆಫ್ ಆಗಿರುತ್ತದೆ. 60ರ ವೇಗದಲ್ಲಿ 4 ಸೆಕೆಂಡಿಗೆ ಲಾರಿ 67 ಮೀಟರ್ ಹೋಗುತ್ತದೆ. ದಾಟಿ ಬಂದ ದಾರಿ ನೆನಪಿಲ್ಲದಿರುವುದು, ಗಾಡಿ ಗೆರೆ ಬಿಟ್ಟು ಸರಿಯುವುದು, ಕಾರಣ ಇಲ್ಲದೆ ವೇಗ ಏರಿಳಿಯುವುದು, ಇವು ಆಕಳಿಕೆಗಿಂತ ಆಮೇಲೆ ಬರುವ ಲಕ್ಷಣಗಳು. ಇವು ಕಂಡವು ಅಂದರೆ ಚಹಾ, ಮುಖ ತೊಳೆಯುವುದು ಸಾಲುವುದಿಲ್ಲ. ಚಹಾ ಮೈಗೆ ಹತ್ತಲು ಅರ್ಧ ಗಂಟೆ ಬೇಕು. ಕುಡಿದು 20 ನಿಮಿಷ ಮಲಗಿ ಎದ್ದರೆ ಸ್ವಲ್ಪ ಹೊತ್ತು ತಡೆಯಬಹುದು, ಅಷ್ಟೇ. ಅದು 9 ಗಂಟೆಗೆ ಬದಲಿ ಅಲ್ಲ.

9 ಯಾಕೆ, 8 ಯಾಕಲ್ಲ ಅಂತ ಕೇಳಬಹುದು. ಈ 9ರಲ್ಲೇ ಊಟ, ಸ್ನಾನ, ಮನೆಗೆ ಒಂದು ಫೋನು, ಮಲಗುವ ಜಾಗ ಹುಡುಕುವುದು ಎಲ್ಲ ಬರಬೇಕು. ಕಳೆದರೆ ನಿದ್ದೆ ಆರೋ ಆರೂವರೆಯೋ ಸಿಗುತ್ತದೆ. ಜಾಗದ ಮಾತು ಸಣ್ಣದಲ್ಲ. 2024ರ ಜೂನ್ 28ರ ನಸುಕಿನಲ್ಲಿ ಇದೇ ಹೆದ್ದಾರಿಯಲ್ಲಿ, ಬ್ಯಾಡಗಿ ತಾಲೂಕಿನ ಗುಂಡೇನಹಳ್ಳಿ ಹತ್ತಿರ, ನಿಂತಿದ್ದ ಲಾರಿಗೆ ಟೆಂಪೋ ಟ್ರಾವೆಲರ್ ಗುದ್ದಿ 13 ಜನ ಸತ್ತರು. ರಸ್ತೆ ಅಂಚಿಗೆ ಗಾಡಿ ಹಚ್ಚಿ ಮಲಗುವುದನ್ನು ವಿಶ್ರಾಂತಿ ಅನ್ನಲು ಬರುವುದಿಲ್ಲ. ಹೆದ್ದಾರಿಯಿಂದ ಒಳಗೆ ಸರಿದ ನಿಲ್ದಾಣ ಬೇಕು.

ಒಂದು ಮಿತಿಯನ್ನೂ ಬರೆದುಕೊಳ್ಳಿ. 1961ರ ಕಾಯ್ದೆ ಐದು ಅಥವಾ ಹೆಚ್ಚು ಕೆಲಸಗಾರರು ಇರುವ ಸಂಸ್ಥೆಗೆ ಅನ್ವಯ ಆಗುತ್ತಿತ್ತು. ಒಂದೆರಡು ಲಾರಿ ಇಟ್ಟವರು ಹೊರಗೆ ಉಳಿದರು ಅನ್ನಿಸುತ್ತದೆ. ಆದರೆ 1988ರ ಮೋಟಾರು ವಾಹನ ಕಾಯ್ದೆಯ 91ನೇ ಕಲಂ ಸಾರಿಗೆ ವಾಹನ ನಡೆಸುವ ಯಾರಿಗೇ ಆಗಲಿ 1961ರ ಗಂಟೆಗಳನ್ನೇ ಹಚ್ಚುತ್ತದೆ. ಉತ್ತರದಲ್ಲಿ ಎರಡನ್ನೂ ಬರೆಯಿರಿ.

ಕೊನೆಗೆ ಬಸ್ಸಿನ ಒಂದು ಲೆಕ್ಕ, ನೀವೇ ಮಾಡಿ ನೋಡಿ. ಗದಗದಿಂದ ಬೆಂಗಳೂರಿಗೆ ಸ್ಲೀಪರ್ ಬಸ್. ಡ್ರೈವರ್ ರಾತ್ರಿ 8ಕ್ಕೆ ಡ್ಯೂಟಿಗೆ ಬಂದು, 9ಕ್ಕೆ ಬಿಟ್ಟು, ಬೆಳಿಗ್ಗೆ 6ಕ್ಕೆ ಮುಟ್ಟಿ, ಗಾಡಿ ಒಪ್ಪಿಸುವಾಗ 7. ಸ್ಪ್ರೆಡ್‌ಓವರ್ 11 ಗಂಟೆ, ಸರಿ ಇದೆ. 11ಕ್ಕೆ ಊಟಕ್ಕೆ ಅರ್ಧ ಗಂಟೆ ನಿಂತರೂ ಅಲ್ಲಿಂದ 7ರವರೆಗೆ ಏಳೂವರೆ ಗಂಟೆ ಆಗುತ್ತದೆ, ಹಾಗಾಗಿ 4:30ರ ಒಳಗೆ ಇನ್ನೊಂದು ಅರ್ಧ ಗಂಟೆ ಬೇಕೇ ಬೇಕು. ಎರಡೂ ಬಿಡುವು ಕಳೆದರೆ ಕೆಲಸ 10 ಗಂಟೆ, ಅಧಿಕಾರಿಯ ಒಪ್ಪಿಗೆ ಇದ್ದರೆ ಮಾತ್ರ ನಡೆಯುತ್ತದೆ. ಎರಡನೇ ಬಿಡುವು ತಪ್ಪಿದರೆ ಹತ್ತೂವರೆ, ಒಪ್ಪಿಗೆ ಇದ್ದರೂ ತಪ್ಪು. ಅದೇ ರಾತ್ರಿ 8ಕ್ಕೆ ವಾಪಸ್ ಡ್ಯೂಟಿ ಅಂದರೆ ವಿಶ್ರಾಂತಿ 13 ಗಂಟೆ. ಕಾಗದದ ಮೇಲೆ ಧಾರಾಳ. ಆದರೆ ಆ 13 ಗಂಟೆ ಪೂರ್ತಿ ಹಗಲಿನದು, ಬಿಸಿಲು, ಗದ್ದಲ, ದೇಹವೇ ಎಚ್ಚರ ಇರಬೇಕು ಅನ್ನುವ ಹೊತ್ತು, ನಾಲ್ಕೈದು ಗಂಟೆಗೆ ಎಚ್ಚರ ಆಗಿಬಿಡುತ್ತದೆ. 9 ಗಂಟೆಯ ನಿಯಮ ಹಗಲು ರಾತ್ರಿ ಅಂತ ಬೇರೆ ಮಾಡುವುದಿಲ್ಲ.