ಇದ್ದತ್ ಮುಗಿದ ಮೇಲೆ ಖರ್ಚು ಯಾರದ್ದು?

ತಿಂಗಳಿಗೆ 25 ರೂಪಾಯಿ. 1979ರ ಆಗಸ್ಟ್‌ನಲ್ಲಿ ಇಂದೋರ್‌ನ ಮ್ಯಾಜಿಸ್ಟ್ರೇಟ್ ಶಾ ಬಾನು ಅವರಿಗೆ ಕೊಡಿಸಿದ್ದು ಇಷ್ಟು. ಅವರು ಕೇಳಿದ್ದು 500. ಗಂಡ ವಕೀಲರು, ವರ್ಷಕ್ಕೆ ಸುಮಾರು 60,000 ಸಂಪಾದನೆ ಇದೆ ಅಂತ ಅವರ ವಾದ. ಮರುವರ್ಷ ಮಧ್ಯಪ್ರದೇಶ ಹೈಕೋರ್ಟ್ ಅದನ್ನು 179 ರೂಪಾಯಿ 20 ಪೈಸೆಗೆ ಏರಿಸಿತು. ಈ 179 ರೂಪಾಯಿಯನ್ನೂ ಕೊಡಬೇಕಾಗಿಲ್ಲ ಅಂತ ಗಂಡ ಸುಪ್ರೀಂ ಕೋರ್ಟ್‌ವರೆಗೆ ಹೋದರು. ಶಾ ಬಾನು ಪ್ರಕರಣ ಅಂದಾಗ ನಮಗೆ ನೆನಪಾಗೋದು ಮುಂದೆ ನಡೆದ ರಾಜಕೀಯ ಗಲಾಟೆ. ಆದರೆ ಆ ಹೆಂಗಸು ಕೇಳಿದ ಪ್ರಶ್ನೆ ತುಂಬಾ ಸರಳ: ತಲಾಕ್ ಆದಮೇಲೆ ನನ್ನ ಊಟದ ಖರ್ಚು ಯಾರು ನೋಡಿಕೊಳ್ಳಬೇಕು?

ಅವರ ಮದುವೆ ಆಗಿದ್ದು 1932ರಲ್ಲಿ. 43 ವರ್ಷದ ಸಂಸಾರ, ಐದು ಮಕ್ಕಳು. 1975ರಲ್ಲಿ ಮನೆಯಿಂದ ಹೊರಹಾಕಿದರು. 1978ರ ಏಪ್ರಿಲ್‌ನಲ್ಲಿ ಅವರು ಕ್ರಿಮಿನಲ್ ಪ್ರೊಸೀಜರ್ ಕೋಡ್‌ನ 125ನೇ ಸೆಕ್ಷನ್ ಅಡಿ ಜೀವನಾಂಶ ಕೇಳಿ ಅರ್ಜಿ ಹಾಕಿದರು. ಅದೇ ನವೆಂಬರ್ 6ಕ್ಕೆ ಗಂಡ ತಲಾಕ್ ಹೇಳಿದರು. ಕೇಸ್ ನಡೆಯುತ್ತಿರುವಾಗಲೇ ತಲಾಕ್ ಹೇಳಿದ್ದು ಯಾಕೆ ಅಂತ ಗೊತ್ತಾಗಬೇಕಾದರೆ ಸ್ವಲ್ಪ ಹಿಂದೆ ಹೋಗಬೇಕು.

ಬ್ರಿಟಿಷರ ಕಾಲದ 1898ರ ಕೋಡ್‌ನಲ್ಲೂ ಹೆಂಡತಿಗೆ ಜೀವನಾಂಶ ಇತ್ತು. ಆದರೆ ಅದು ಹೆಂಡತಿಗೆ ಮಾತ್ರ. ಅವಳು ಕೋರ್ಟ್ ಮೆಟ್ಟಿಲು ಹತ್ತಿದ ಕೂಡಲೇ ತಲಾಕ್ ಹೇಳಿಬಿಟ್ಟರೆ ಅವಳು ಹೆಂಡತಿಯೇ ಅಲ್ಲ, ಕೇಸೂ ಮುಗೀತು. ಈ ತೂತು ಮುಚ್ಚೋಕೆ 1973ರ ಹೊಸ ಕೋಡ್‌ನಲ್ಲಿ 'ಹೆಂಡತಿ' ಅಂದರೆ ವಿಚ್ಛೇದನ ಆಗಿ ಮರುಮದುವೆ ಆಗದ ಹೆಂಗಸೂ ಸೇರುತ್ತಾಳೆ ಅಂತ ಬರೆದರು. ಜೊತೆಗೇ 127ನೇ ಸೆಕ್ಷನ್‌ನಲ್ಲಿ ಇನ್ನೊಂದು ತೂತು ಬಿಟ್ಟರು. ವೈಯಕ್ತಿಕ ಕಾನೂನಿನ ಪ್ರಕಾರ ವಿಚ್ಛೇದನದ ವೇಳೆ ಕೊಡಬೇಕಾದ ಪೂರ್ತಿ ಹಣ ಕೊಟ್ಟಿದ್ದರೆ ಜೀವನಾಂಶದ ಆದೇಶ ರದ್ದು ಮಾಡಬಹುದು ಅಂತ. ಶಾ ಬಾನು ಅವರ ಗಂಡ ಹಿಡಿದದ್ದು ಇದನ್ನೇ: ಸುಮಾರು ಎರಡು ವರ್ಷ ತಿಂಗಳಿಗೆ 200 ಕೊಟ್ಟಿದ್ದೇನೆ, ಮದುವೆಯಲ್ಲಿ ಹೆಂಡತಿಗೆ ಕೊಡಲು ಒಪ್ಪಿದ ಹಣ, ಅಂದರೆ ಮೆಹರ್ ಅಂತ 3,000 ರೂಪಾಯಿ ಕೋರ್ಟ್‌ಗೆ ಕಟ್ಟಿದ್ದೇನೆ, ತಲಾಕ್ ಆದಮೇಲೆ ಮರುಮದುವೆಗೆ ಮುಂಚೆ ಹೆಂಗಸು ಕಾಯಬೇಕಾದ ಅವಧಿ, ಅಂದರೆ ಇದ್ದತ್ ಮುಗೀತು, ಇನ್ನು ನನಗೂ ಅವಳಿಗೂ ಸಂಬಂಧ ಇಲ್ಲ.

1985ರ ಏಪ್ರಿಲ್ 23ರಂದು ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರಿದ್ದ ಐವರ ಪೀಠ ಇದನ್ನು ಒಪ್ಪಲಿಲ್ಲ. ಮೆಹರ್ ಮದುವೆಗೆ ಸಂಬಂಧಪಟ್ಟ ಹಣ, ತಲಾಕ್ ಕೊಟ್ಟಿದ್ದಕ್ಕೆ ಕೊಡುವ ಪರಿಹಾರ ಅಲ್ಲ, ತನ್ನನ್ನು ತಾನು ಸಾಕಿಕೊಳ್ಳಲು ಆಗದ ಹೆಂಗಸಿಗೆ ಇದ್ದತ್ ಆದಮೇಲೂ 125 ಅನ್ವಯಿಸುತ್ತೆ ಅಂತ ಹೇಳಿತು. ತೀರ್ಪಿನಲ್ಲಿ ಕುರಾನ್ ವಚನಗಳನ್ನು ವಿವರಿಸಿದ್ದು, ಸಮಾನ ನಾಗರಿಕ ಸಂಹಿತೆಯ ಪ್ರಸ್ತಾಪ ತಂದದ್ದು ಬೆಂಕಿ ಹಚ್ಚಿತು. ನನ್ನ ಕೇಳಿದರೆ ಎರಡನೆಯದು ಆ ತೀರ್ಪಿಗೆ ಬೇಕೇ ಇರಲಿಲ್ಲ. ಪ್ರತಿಭಟನೆಗಳು ಜೋರಾದವು, ಒತ್ತಡ ತಾಳದೆ ಶಾ ಬಾನು ಅವರೇ ತೀರ್ಪಿನಿಂದ ದೂರ ಸರಿದರು, ರಾಜೀವ್ ಗಾಂಧಿ ಸರ್ಕಾರ 1986ರ ಮೇ ತಿಂಗಳಲ್ಲಿ ಹೊಸ ಕಾಯ್ದೆ ತಂದಿತು.

ಹೆಸರು ದೊಡ್ಡದು, ಮುಸ್ಲಿಂ ಮಹಿಳೆಯರ (ವಿಚ್ಛೇದನದ ನಂತರದ ಹಕ್ಕುಗಳ ರಕ್ಷಣೆ) ಕಾಯ್ದೆ. ಕಾಯ್ದೆ ಮಾತ್ರ ಚಿಕ್ಕದು, ಒಟ್ಟು ಏಳೇ ಸೆಕ್ಷನ್. ಅದರಲ್ಲಿ ಮುಖ್ಯವಾದವು 3 ಮತ್ತು 4.

ಮೂರನೆಯದು ಗಂಡನ ಬಾಬ್ತು. ಮೊದಲು ಇದ್ದತ್ ಅಂದರೆ ಎಷ್ಟು ದಿನ ಅಂತ ಹೇಳಿಬಿಡ್ತೀನಿ. ತಲಾಕ್ ಆದಮೇಲೆ ಮೂರು ಮುಟ್ಟು ಆಗುವವರೆಗೆ. ಮುಟ್ಟು ನಿಂತವರಿಗೆ ಮೂರು ಚಾಂದ್ರಮಾನ ತಿಂಗಳು. ಗರ್ಭಿಣಿಯಾಗಿದ್ದರೆ ಹೆರಿಗೆ ಅಥವಾ ಗರ್ಭ ಕೊನೆಗೊಳ್ಳುವವರೆಗೆ. ಈ ಅವಧಿಯೊಳಗೆ ಗಂಡ 'ನ್ಯಾಯವಾದ, ಸಮಂಜಸವಾದ ಏರ್ಪಾಡು ಮತ್ತು ಜೀವನಾಂಶ' ಕೊಡಬೇಕು. ಬಾಕಿ ಮೆಹರ್ ಕೊಡಬೇಕು. ಮದುವೆಗೆ ಮೊದಲು, ಮದುವೆಯಲ್ಲಿ, ಆಮೇಲೆ ಅವಳಿಗೆ ಅಂತ ತವರಿನವರು, ಗಂಡ, ಗಂಡನ ಕಡೆಯವರು ಕೊಟ್ಟ ಒಡವೆ, ಸಾಮಾನು ಎಲ್ಲ ವಾಪಸ್. ಮಗುವನ್ನು ಅವಳೇ ಸಾಕುತ್ತಿದ್ದರೆ ಈ ಕಾಯ್ದೆಯಡಿ ಅದಕ್ಕೆ ಹುಟ್ಟಿದ ದಿನದಿಂದ ಎರಡು ವರ್ಷದ ಖರ್ಚು. ಅದರ ಮೇಲೆ ಬೇಕಾದರೆ ಮಗುವಿನ ಹೆಸರಿನಲ್ಲಿ 125ರ ಕೆಳಗೆ ಕೇಳಬಹುದು. ಆದೇಶ ಆದಮೇಲೂ ಕೊಡದಿದ್ದರೆ ಒಂದು ವರ್ಷದವರೆಗೆ ಜೈಲು.

ನಾಲ್ಕನೆಯದು ನೆಂಟರ ಬಾಬ್ತು. ಇದ್ದತ್ ಮುಗಿದು, ಮರುಮದುವೆ ಆಗದೆ, ದುಡಿದು ತಿನ್ನೋಕೂ ಆಗದ ಹೆಂಗಸನ್ನು ಯಾರು ಸಾಕಬೇಕು ಅಂದರೆ ಅವಳು ಸತ್ತರೆ ಅವಳ ಆಸ್ತಿ ಯಾರಿಗೆ ಹೋಗುತ್ತೋ ಅವರು, ಅದೇ ಪಾಲಿನ ಲೆಕ್ಕದಲ್ಲಿ. ಮಕ್ಕಳಿದ್ದರೆ ಮೊದಲು ಮಕ್ಕಳು ಮಾತ್ರ. ಅವರ ಕೈಲಾಗದಿದ್ದರೆ ಅಪ್ಪ ಅಮ್ಮ. ಅವರ ಕೈಲೂ ಆಗದಿದ್ದರೆ ಅವರ ಪಾಲು ಕೈಲಾಗುವ ಬೇರೆ ನೆಂಟರಿಗೆ. ಯಾರೂ ಇಲ್ಲ ಅಥವಾ ಯಾರ ಕೈಲೂ ಆಗಲ್ಲ ಅಂದರೆ ರಾಜ್ಯದ ವಕ್ಫ್ ಮಂಡಳಿ.

ಕಾಗದದ ಮೇಲೆ ಚೆನ್ನಾಗಿದೆ ಅಲ್ವಾ? ಒಂದು ಲೆಕ್ಕ ಹಾಕಿ ನೋಡೋಣ. ಹುಬ್ಬಳ್ಳಿಯ ಒಬ್ಬ ಹೆಂಗಸು ಅಂತ ಇಟ್ಟುಕೊಳ್ಳಿ. ಮಕ್ಕಳಿಲ್ಲ, ಅಪ್ಪ ತೀರಿಕೊಂಡಿದ್ದಾರೆ, ಅಮ್ಮ, ಒಡಹುಟ್ಟಿದ ಒಬ್ಬ ಅಣ್ಣ, ಒಬ್ಬ ತಂಗಿ ಇದ್ದಾರೆ. ಅವಳಿಗೆ ತಿಂಗಳಿಗೆ 7,200 ಬೇಕು ಅಂತ ಮ್ಯಾಜಿಸ್ಟ್ರೇಟ್ ಲೆಕ್ಕ ಹಾಕಿದರು. ಇಸ್ಲಾಮಿ ಕಾನೂನಿನ ಹನಫಿ ಪಂಥದ ಉತ್ತರಾಧಿಕಾರದ ಪ್ರಕಾರ ಅಮ್ಮನಿಗೆ ಆರರಲ್ಲಿ ಒಂದು ಪಾಲು, ಉಳಿದದ್ದು ಅಣ್ಣನಿಗೆ ಎರಡು, ತಂಗಿಗೆ ಒಂದು. ಹಾಗಾದರೆ ಅಮ್ಮ 1,200, ಅಣ್ಣ 4,000, ತಂಗಿ 2,000. ಅಮ್ಮನಿಗೆ ಆದಾಯ ಇಲ್ಲ, ಅಣ್ಣನ ಮನೆಯಲ್ಲೇ ಇರುವವರು. ಅದು ಸಾಬೀತಾದರೆ ಅವರ 1,200 ಬೇರೆಯವರ ಮೇಲೆ ಬೀಳಬಹುದು. ಅಣ್ಣ ಆಟೋ ಓಡಿಸುತ್ತಾನೆ, ಅವನಿಗೇ ಮೂರು ಮಕ್ಕಳು. ತಂಗಿಯ ಕೈಯಲ್ಲಿ ದುಡ್ಡಿಲ್ಲ, ಅವಳ ಗಂಡನ ದುಡ್ಡು ಲೆಕ್ಕಕ್ಕೆ ಬರಲ್ಲ.

ಈಗ ಆ ಹೆಂಗಸು ಏನು ಮಾಡಬೇಕು? ತನ್ನನ್ನು ಮನೆಯಲ್ಲಿ ಇಟ್ಟುಕೊಂಡಿರುವ ಅಣ್ಣನ ಮೇಲೇ ಕೇಸ್ ಹಾಕಬೇಕು. ತಂಗಿಗೂ ಸಮನ್ಸ್ ಹೋಗಬೇಕು. ಹೆತ್ತ ತಾಯಿ ಕೋರ್ಟಿನಲ್ಲಿ ನಿಂತು ನನ್ನ ಹತ್ತಿರ ಏನೂ ಇಲ್ಲ ಅಂತ ತೋರಿಸಬೇಕು. ಎಷ್ಟು ಜನ ಇದನ್ನು ಮಾಡಿಯಾರು? ಅಂಗಡಿ, ಮನೆ ಇರುವ ಮಾಜಿ ಗಂಡ ಮಾತ್ರ ಮೂರು ತಿಂಗಳ ಖರ್ಚು ಕೊಟ್ಟು ಕೈ ತೊಳೆದುಕೊಂಡಿರುತ್ತಾನೆ. ಕಾಯ್ದೆಯನ್ನು ಬೈದವರು ಬೈದದ್ದು ಇದಕ್ಕೇ.

ವಕ್ಫ್ ಮಂಡಳಿ ತಲುಪೋದು ಇನ್ನೂ ಕಷ್ಟ ಇತ್ತು. ಮೊದಲು ಒಬ್ಬೊಬ್ಬ ನೆಂಟರ ಮೇಲೂ ಕೇಸ್ ಮುಗಿಸಿ ಬಾ ಅಂತ ಮಂಡಳಿಗಳ ವಾದ. 1996ರಲ್ಲಿ ತಮಿಳುನಾಡಿನಿಂದ ಬಂದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹಾಗೆ ಅಲೆದಾಡಿಸಬೇಡಿ ಅಂತು. ನೆಂಟರ ಕೈಲಾಗಲ್ಲ ಅನ್ನೋದನ್ನು ಅದೇ ಅರ್ಜಿಯಲ್ಲಿ ತೋರಿಸಿ ನೇರವಾಗಿ ಮಂಡಳಿಯಿಂದಲೇ ಕೇಳಬಹುದು.

ಇತ್ತ ಮೂರನೇ ಸೆಕ್ಷನ್ ಬಗ್ಗೆ ಹೈಕೋರ್ಟ್‌ಗಳು ಒಂದೊಂದು ದಿಕ್ಕಿಗೆ ಹೋದವು. ಆಂಧ್ರ ಹೈಕೋರ್ಟ್ ಗಂಡನ ಜವಾಬ್ದಾರಿ ಇದ್ದತ್‌ಗೇ ಮುಗೀತು ಅಂದಿತು. ಗುಜರಾತ್, ಕೇರಳ ಹೈಕೋರ್ಟ್‌ಗಳು ಇಲ್ಲ ಅಂದವು. ಗಂಡನ ಜವಾಬ್ದಾರಿ ಇದ್ದತ್‌ಗೇ ಮುಗಿಯುತ್ತದೆ ಅನ್ನೋದಾದರೆ 'ಇದ್ದತ್ ಅವಧಿಗೆ' ಅಂತ ಬರೆದಿರಬೇಕಿತ್ತು, ಕಾಯ್ದೆಯಲ್ಲಿ ಇರೋದು 'ಅವಧಿಯೊಳಗೆ' ಅಂತ. ಅಂದರೆ ಕೊಡುವ ಗಡುವು ಇದ್ದತ್, ಕೊಡಬೇಕಾದದ್ದು ಮುಂದಿನ ಬದುಕಿಗೆ. ಜೊತೆಗೆ 'ಏರ್ಪಾಡು' ಬೇರೆ, 'ಜೀವನಾಂಶ' ಬೇರೆ.

2001ರ ಸೆಪ್ಟೆಂಬರ್ 28ರಂದು ಸುಪ್ರೀಂ ಕೋರ್ಟ್‌ನ ಐವರ ಪೀಠ ಇದನ್ನೇ ಒಪ್ಪಿತು. ಕಾಯ್ದೆಯನ್ನು ಪ್ರಶ್ನಿಸಿದ್ದವರು ಶಾ ಬಾನು ಅವರ ವಕೀಲರಾಗಿದ್ದ ಡೇನಿಯಲ್ ಲತೀಫಿ. ತೀರ್ಪು ಬರೆದವರು ನಮ್ಮ ಕರ್ನಾಟಕದ ಎಸ್. ರಾಜೇಂದ್ರ ಬಾಬು. ಕಾಯ್ದೆ ಉಳಿಯಿತು, ಅರ್ಥ ಬದಲಾಯಿತು. ಗಂಡ ಇದ್ದತ್ ಒಳಗೆ ಅವಳ ಭವಿಷ್ಯಕ್ಕೂ ಸೇರಿಸಿ ಏರ್ಪಾಡು ಮಾಡಬೇಕು. ಇಲ್ಲೊಂದು ತಮಾಷೆ ಇದೆ. 125ರಲ್ಲಿ ಆಗಿನವರೆಗೂ ತಿಂಗಳಿಗೆ 500 ರೂಪಾಯಿ ಮೀರುವಂತಿರಲಿಲ್ಲ, ಆ ಮಿತಿ ಹೋಗಿದ್ದು ಅದೇ ವರ್ಷ. 1986ರ ಕಾಯ್ದೆಯಲ್ಲಿ ಮಿತಿಯೇ ಇರಲಿಲ್ಲ! ಶಾ ಬಾನು ತೀರ್ಪನ್ನು ಅಳಿಸೋಕೆ ತಂದ ಕಾಯ್ದೆಯಿಂದ ಹೆಂಗಸರಿಗೆ ಒಮ್ಮೆಗೇ ದೊಡ್ಡ ಮೊತ್ತ ಕೇಳುವ ದಾರಿ ಸಿಕ್ಕಿತು.

ಹಾಗಾಗಿ ಆ ಹುಬ್ಬಳ್ಳಿಯ ಹೆಂಗಸು ಅಣ್ಣನ ಹತ್ತಿರ ಹೋಗುವ ಮೊದಲು ಮಾಜಿ ಗಂಡನ ಮೇಲೆ ಅರ್ಜಿ ಹಾಕಬೇಕು. ನಾಲ್ಕನೇ ಸೆಕ್ಷನ್ ಇನ್ನೂ ಇದೆ, ಆದರೆ ಅದು ಕೊನೆಯ ಬಾಗಿಲು. ಅರ್ಜಿಯಲ್ಲಿ ಇದ್ದತ್ ಖರ್ಚು, ಬಾಕಿ ಮೆಹರ್, ಒಡವೆಯ ಪಟ್ಟಿ, ಮುಂದಿನ ಬದುಕಿಗೆ ಒಟ್ಟು ಮೊತ್ತ, ನಾಲ್ಕನ್ನೂ ಬೇರೆ ಬೇರೆ ಬರೆಸಬೇಕು. ಎಲ್ಲ ಸೇರಿಸಿ ಒಂದೇ ಅಂಕಿ ಬರೆದರೆ ಆಮೇಲೆ ಮೆಹರ್ ಕೊಟ್ಟಾಯ್ತಲ್ಲ ಅನ್ನೋ ಮಾತು ಬರುತ್ತೆ. ನಿಕಾಹ್‌ನಾಮಾ ಮತ್ತು ಒಡವೆಯ ರಸೀದಿ ಇದ್ದರೆ ಅರ್ಧ ಜಗಳ ಇರಲ್ಲ.

ಹೆಚ್ಚಾಗಿ ಎಡವಟ್ಟಾಗೋದು ತಲಾಕ್‌ನ ತಾರೀಖಿನಲ್ಲಿ. ಹೆಂಡತಿ ಜೀವನಾಂಶ ಕೇಳಿದರೆ ಗಂಡ ಉತ್ತರದಲ್ಲಿ 'ಎಷ್ಟೋ ವರ್ಷದ ಹಿಂದೆಯೇ ತಲಾಕ್ ಕೊಟ್ಟಾಯ್ತು' ಅಂತ ಬರೆಸುತ್ತಾನೆ. 2002ರ ಶಮೀಮ್ ಆರಾ ತೀರ್ಪು ಇದಕ್ಕೆ ಅಡ್ಡ ನಿಂತಿದೆ. ಹಾಗೆ ಬರೆದ ಮಾತ್ರಕ್ಕೆ ತಲಾಕ್ ಆಗಲ್ಲ. ಸರಿಯಾದ ಕಾರಣ ಇತ್ತು, ಎರಡೂ ಕಡೆಯ ಹಿರಿಯರು ಕೂತು ರಾಜಿಗೆ ಪ್ರಯತ್ನಿಸಿದರು, ಆಮೇಲೆ ಹೇಳಿದೆ ಅಂತ ಸಾಬೀತು ಮಾಡಬೇಕು. ಸಾಬೀತಾಗದಿದ್ದರೆ ಅವಳು ಇನ್ನೂ ಹೆಂಡತಿಯೇ.

ಉಳಿದ ಗೊಂದಲ ಒಂದೇ. ತಲಾಕ್ ಆದವಳು 1986ರ ಕಾಯ್ದೆಗೆ ಮಾತ್ರ ಹೋಗಬೇಕಾ, 125ಕ್ಕೂ ಹೋಗಬಹುದಾ? 2009ರಲ್ಲಿ ಶಬಾನಾ ಬಾನು ಪ್ರಕರಣದಲ್ಲಿ ಫ್ಯಾಮಿಲಿ ಕೋರ್ಟ್‌ನಲ್ಲಿ 125ರ ಕೆಳಗೆ ಇದ್ದತ್ ಆದಮೇಲೂ ಕೇಳಬಹುದು ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಆದರೂ ಗಂಡಂದಿರ ವಕೀಲರು ಅದೇ ತಕರಾರು ಎತ್ತುತ್ತಲೇ ಇದ್ದರು. 2024ರ ಜುಲೈ 10ರಂದು ತೆಲಂಗಾಣದ ಪ್ರಕರಣದಲ್ಲಿ ನ್ಯಾಯಮೂರ್ತಿಗಳಾದ ಬಿ.ವಿ. ನಾಗರತ್ನ ಮತ್ತು ಆಗಸ್ಟಿನ್ ಜಾರ್ಜ್ ಮಸೀಹ್ ಎರಡೂ ದಾರಿ ತೆರೆದಿವೆ ಅಂತ ಬಿಡಿಸಿ ಹೇಳಿದರು. ಅಲ್ಲಿ ಫ್ಯಾಮಿಲಿ ಕೋರ್ಟ್ ಕೊಡಿಸಿದ್ದು ತಿಂಗಳಿಗೆ 20,000, ಹೈಕೋರ್ಟ್ ಅದನ್ನು 10,000ಕ್ಕೆ ಇಳಿಸಿತ್ತು, ಗಂಡ ಅದನ್ನೂ ಒಪ್ಪದೆ ಹೋಗಿ ಸೋತರು. 125ನೇ ಸೆಕ್ಷನ್ ಈಗ ಹೊಸ ನಾಗರಿಕ ಸುರಕ್ಷಾ ಸಂಹಿತೆಯ 144. ಎರಡೂ ಕಡೆ ಕೇಳಬಹುದು ಅಂದಮಾತ್ರಕ್ಕೆ ಎರಡರಷ್ಟು ಸಿಗಲ್ಲ, ಒಂದು ಕಡೆ ಬಂದದ್ದನ್ನು ಇನ್ನೊಂದು ಕಡೆ ಲೆಕ್ಕಕ್ಕೆ ಹಿಡಿಯುತ್ತಾರೆ, ಅದನ್ನು ಮುಚ್ಚಿಡಬಾರದು.

ಕಾನೂನು ಸ್ಪಷ್ಟವಾದರೂ ಕೈಗೆ ದುಡ್ಡು ಬರೋದು ಬೇರೆ ವಿಷಯ. ನಮ್ಮ ಬೆಂಗಳೂರಿನದೇ ಒಂದು ಪ್ರಕರಣ. 1991ರಲ್ಲಿ 5,000 ರೂಪಾಯಿ ಮೆಹರ್‌ನೊಂದಿಗೆ ತಲಾಕ್. 2002ರಲ್ಲಿ ಆ ಹೆಂಗಸು ಜೀವನಾಂಶಕ್ಕೆ ದಾವೆ ಹೂಡಿದರು. ತಿಂಗಳಿಗೆ 3,000 ಅಂತ ಡಿಕ್ರಿ ಆಗಿದ್ದು 2011ರಲ್ಲಿ. ಗಂಡನ ತಕರಾರು ಹೈಕೋರ್ಟ್‌ನಲ್ಲಿ ಮುಗಿದದ್ದು 2021ರ ಅಕ್ಟೋಬರ್‌ನಲ್ಲಿ. ನ್ಯಾಯಮೂರ್ತಿ ಕೃಷ್ಣ ದೀಕ್ಷಿತ್ ಅರ್ಜಿ ವಜಾ ಮಾಡಿ, ಮೇಲೆ 25,000 ರೂಪಾಯಿ ಖರ್ಚನ್ನೂ ಹೇರಿದರು. ತಲಾಕ್ ಆಗಿ ಅಷ್ಟರಲ್ಲಿ 30 ವರ್ಷ ಕಳೆದಿತ್ತು.