ಆಟೋ ಕ್ಲೀನ್ ಎಣ್ಣೆ ಕರಗಿಸುತ್ತದೆ, ಬಟ್ಟಲು ಖಾಲಿ ಮಾಡುವುದಿಲ್ಲ

ಅಡುಗೆಮನೆಯ ಚಿಮ್ನಿ ರಿಪೇರಿಗೆಂದು ಬಾಗಲಕೋಟೆಯ ನವನಗರದ ಒಂದು ಮನೆಗೆ ಹೋಗಿದ್ದೆ. ಚಿಮ್ನಿ ತಂದು ಇನ್ನೂ 2 ವರ್ಷ ಆಗಿರಲಿಲ್ಲ. ಮೊದಲು ಬಂದ ಮೆಕ್ಯಾನಿಕ್ ಮೋಟರ್ ಸುಟ್ಟಿದೆ, ಹೊಸದು ಹಾಕಬೇಕು ಎಂದು ಹೇಳಿ ಹೋಗಿದ್ದರಂತೆ. ಏನಾಗುತ್ತದೆ ಎಂದು ಮನೆಯ ಅಕ್ಕಾರನ್ನು ಕೇಳಿದೆ. "ಹಚ್ಚಿ ಇಪ್ಪತ್ತ ನಿಮಿಷಕ್ಕ ತಾನ ಬಂದ್ ಆಗ್ತೈತ್ರಿ. ಲೈಟ್ ಹತ್ತೇ ಇರ್ತೈತಿ. ಅರ್ಧಾ ತಾಸ ಬಿಟ್ಟ ಒತ್ತಿದ್ರ ಮತ್ತ ಚಾಲೂ ಆಗ್ತೈತ್ರಿ" ಎಂದರು.

ಇಷ್ಟು ಕೇಳಿದರೆ ಸಾಕು, ಮೋಟರ್ ಇನ್ನೂ ಸುಟ್ಟಿಲ್ಲ ಎಂದು ಅಂದಾಜು ಸಿಗುತ್ತದೆ. ಸುಟ್ಟ ಮೋಟರ್ ತಣ್ಣಗಾದ ಮೇಲೆ ತಾನಾಗಿ ತಿರುಗುವುದಿಲ್ಲ. ಸಾಮಾನ್ಯವಾಗಿ ಮೋಟರಿನ ತಂತಿ ಸುತ್ತು, ಅಂದರೆ ವೈಂಡಿಂಗ್ ಜೊತೆಗೆ ಒಂದು ಸಣ್ಣ ಥರ್ಮಲ್ ಪ್ರೊಟೆಕ್ಟರ್ ಇರುತ್ತದೆ. ಮಿತಿ ಮೀರಿ ಬಿಸಿಯಾದಾಗ ಅದು ಕರೆಂಟ್ ಕತ್ತರಿಸುತ್ತದೆ, ತಣಿದ ಮೇಲೆ ಮತ್ತೆ ಕೂಡಿಸುತ್ತದೆ. ಅಂದರೆ ಮೋಟರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಹಾಗಂತ ಇದನ್ನು ತಿಂಗಳುಗಟ್ಟಲೆ ಹೀಗೇ ಬಿಡಬಾರದು. ಪ್ರತಿ ಸಲ ಬಿಸಿಯಾದಾಗಲೂ ವೈಂಡಿಂಗ್ ಮೇಲಿನ ವಾರ್ನಿಶ್ ಸ್ವಲ್ಪ ಸ್ವಲ್ಪ ಹಾಳಾಗುತ್ತದೆ, ಕೊನೆಗೆ ಮೋಟರ್ ನಿಜವಾಗಿಯೂ ಸುಡುತ್ತದೆ.

ನಾನು ಕೇಳಿದ ಎರಡನೇ ಪ್ರಶ್ನೆ, "ಎಣ್ಣೆ ಬಟ್ಟಲು ಯಾವಾಗ ತೆಗೆದಿದ್ರಿ?" ಅದಕ್ಕೆ ಬಂದ ಉತ್ತರ: "ಇದು ಆಟೋ ಕ್ಲೀನ್ ಐತಲ್ರಿ? ತಾನ ಸ್ವಚ್ಛ ಮಾಡ್ಕೋತೈತಿ ಅಂದಿದ್ರು."

ಇದೇ ಮಾತನ್ನು ಬೆಳಗಾವಿಯಲ್ಲೂ ಕೇಳಿದ್ದೇನೆ, ವಿಜಯಪುರದಲ್ಲೂ ಕೇಳಿದ್ದೇನೆ. ಮನೆಯವರ ಮೇಲೆ ನನಗೆ ಸಿಟ್ಟಿಲ್ಲ. ಮಾರುವಾಗ ಎರಡು ನಿಮಿಷ ನಿಂತು ಹೇಳದವರ ಮೇಲೆ ಇದೆ. ಆದ್ದರಿಂದ ಇದೊಂದನ್ನು ಇಲ್ಲಿ ಬಿಡಿಸಿ ಹೇಳುತ್ತೇನೆ.

ಹೊಗೆಯ ಜೊತೆ ಮೇಲೆ ಹೋದ ಎಣ್ಣೆ ಬ್ಲೋವರಿನ ಎಲೆಗಳಿಗೂ ಅದರ ಸುತ್ತಲಿನ ಡಬ್ಬಿಗೂ ಅಂಟುತ್ತದೆ. ಆಟೋ ಕ್ಲೀನ್ ಬಟನ್ ಒತ್ತಿದಾಗ, ನಮ್ಮ ಕಡೆ ಹೆಚ್ಚಾಗಿ ಮಾರಾಟವಾಗುವ ಬಗೆಯಲ್ಲಿ, ಒಳಗಿನ ಹೀಟರ್ ಕಾಯುತ್ತದೆ. ಅಂಟಿದ ಎಣ್ಣೆ ತೆಳ್ಳಗಾಗಿ ಡಬ್ಬಿಯ ತಳಕ್ಕೆ ಇಳಿದು, ಅಲ್ಲಿರುವ ಸಣ್ಣ ತೂತಿನಿಂದ ಕೆಳಗಿನ ಬಟ್ಟಲಿಗೆ ಬೀಳುತ್ತದೆ. ಅಷ್ಟೇ. ಎಣ್ಣೆ ಆವಿಯಾಗಿ ಹೋಗುವುದಿಲ್ಲ, ಪೈಪಿನಿಂದ ಹೊರಗೂ ಹೋಗುವುದಿಲ್ಲ. ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಬಂತು, ಅಲ್ವಾ? ಆ ಬಟ್ಟಲನ್ನು ಕೈಯಿಂದಲೇ ತೆಗೆಯಬೇಕು. ಫಿಲ್ಟರ್ ಇದ್ದರೆ ಅದನ್ನೂ ಕೈಯಿಂದಲೇ ತೊಳೆಯಬೇಕು. ಫಿಲ್ಟರ್ ಇಲ್ಲದ ಚಿಮ್ನಿಯಲ್ಲಿ ತಡೆಯುವುದು ಏನೂ ಇಲ್ಲವಾದ್ದರಿಂದ ಬ್ಲೋವರಿಗೆ ಹೋಗುವ ಎಣ್ಣೆ ಇನ್ನೂ ಜಾಸ್ತಿ.

ನವನಗರದ ಆ ಚಿಮ್ನಿಯ ಪ್ಲಗ್ ತೆಗೆದು, ಬಟ್ಟಲಿಗೆ ಕೈ ಹಾಕಿದೆ. ಅಂಚಿನವರೆಗೆ ತುಂಬಿ, ಜಿಗುಟಾಗಿ ಅಂಟಿಕೊಂಡಿತ್ತು. ಬ್ಲೋವರ್ ಬಿಚ್ಚಿದರೆ ಡಬ್ಬಿಯ ತಳದಲ್ಲಿ ಒಂದು ಬೆರಳು ದಪ್ಪದ ಕಂದು ಮುದ್ದೆ. ಉಗುರಿನಿಂದ ಕೆರೆದು ನೋಡಿದೆ, ಬರೀ ಎಣ್ಣೆಯಲ್ಲ, ಜೋಳದ ಹಿಟ್ಟು ಕೂಡಿತ್ತು. ನಮ್ಮ ಮನೆಗಳಲ್ಲಿ ದಿನಾ ರೊಟ್ಟಿ ಬಡಿಯುತ್ತೇವೆ. ಒಲೆಯ ಪಕ್ಕದಲ್ಲೇ ಬಡಿದರೆ ಹಾರುವ ಹಿಟ್ಟನ್ನು ಚಿಮ್ನಿ ಎಳೆದುಕೊಳ್ಳುತ್ತದೆ. ಹಿಟ್ಟು ಎಣ್ಣೆಯೊಂದಿಗೆ ಸೇರಿದರೆ ಅಂಟಿನ ಹಾಗೆ ಆಗುತ್ತದೆ. ಹೀಟರಿಗೆ ಎಣ್ಣೆ ಕರಗುತ್ತದೆ, ಹಿಟ್ಟು ಕರಗುವುದಿಲ್ಲ, ಮತ್ತಷ್ಟು ಗಟ್ಟಿಯಾಗುತ್ತದೆ. ತೂತು ಇದರಿಂದಲೇ ಮುಚ್ಚಿತ್ತು. ಹಾಗಾಗಿ ಪ್ರತಿ ಸಲ ಆಟೋ ಕ್ಲೀನ್ ಮಾಡಿದಾಗ ಕರಗಿದ ಎಣ್ಣೆ ಅಲ್ಲೇ ನಿಲ್ಲುತ್ತಿತ್ತು. ಮರುದಿನ ಬ್ಲೋವರ್ ತಿರುಗಿದಾಗ ಅದೇ ಎಣ್ಣೆ ಮತ್ತೆ ಎಲೆಗಳಿಗೆ ಎರಚುತ್ತಿತ್ತು.

ಮೋಟರ್ ಬಿಸಿಯಾದದ್ದು ಇದರಿಂದಲೇ. ಎಲೆಗಳ ನಡುವಿನ ಸಂದು ತುಂಬಿದರೆ ಗಾಳಿ ಎಳೆಯುವುದು ಕಡಿಮೆಯಾಗುತ್ತದೆ. ಮೋಟರಿನ ಬಿಸಿಯನ್ನು ಹೊತ್ತುಕೊಂಡು ಹೋಗುವುದೂ ಆ ಗಾಳಿಯೇ. ಗಾಳಿ ನಿಂತರೆ ಒಲೆಯ ಶಾಖವೂ ಮೋಟರಿನ ಶಾಖವೂ ಒಳಗೇ ಉಳಿಯುತ್ತವೆ. ಜೊತೆಗೆ ಶಾಫ್ಟಿನ ಹತ್ತಿರ ಜಿಗುಟು ಕೂತು ಬ್ಲೋವರ್ ಸಲೀಸಾಗಿ ತಿರುಗುತ್ತಿರಲಿಲ್ಲ. ಮೋಟರ್ ತಿರುಗಲು ನೆರವಾಗುವ ಕೆಪ್ಯಾಸಿಟರ್ ಮೇಲೆ 4 ಮೈಕ್ರೋಫ್ಯಾರಡ್ ಎಂದಿತ್ತು, ಮೀಟರ್ 3.2 ತೋರಿಸಿತು. ಅದೂ ಸೋತಿತ್ತು, ಅದನ್ನೂ ಬದಲಿಸಿದೆ. ಡಬ್ಬಿ ಕೆರೆದು, ತೂತು ಬಿಡಿಸಿ, ಎಲೆಗಳನ್ನು ತೊಳೆದು ಒಣಗಿಸಿ ಕೂಡಿಸಿದೆ. ಒಂದು ತಾಸು ಬಿಡದೆ ಓಡಿಸಿದೆ, ನಿಲ್ಲಲಿಲ್ಲ. ಹಳೆಯ ಮೋಟರೇ ಈಗಲೂ ಇದೆ.

ಎಲ್ಲ ಕಡೆ ಇದೇ ಕಾರಣ ಎಂದು ಹೇಳುವುದಿಲ್ಲ. ಮೋಟರ್ ಗುಂಯ್ ಎನ್ನುತ್ತದೆ ಆದರೆ ತಿರುಗುತ್ತಿಲ್ಲ ಎಂದರೆ ಕೆಪ್ಯಾಸಿಟರ್ ಹೋಗಿರಬಹುದು ಅಥವಾ ಬ್ಲೋವರ್ ಜಾಮ್ ಆಗಿರಬಹುದು. ಲೈಟೂ ಹತ್ತದಿದ್ದರೆ ಮೊದಲು ಪ್ಲಗ್ಗು, ಕರೆಂಟು ನೋಡಿ. ಬಟ್ಟಲು ಸ್ವಚ್ಛವಾಗಿದ್ದೂ ಚಿಮ್ನಿ ಎಳೆಯುತ್ತಿಲ್ಲ ಎಂದರೆ ಪೈಪ್ ಎಲ್ಲೋ ಚಪ್ಪಟೆಯಾಗಿರಬಹುದು, ಇಲ್ಲವೇ ಹೊರಗಿನ ಬಾಯಿಯ ಮುಚ್ಚಳ ಜಿಗುಟಿಗೆ ಅಂಟಿರಬಹುದು. ಎಳೆತ ನೋಡಲು ಒಲೆ ಆರಿಸಿ, ಚಿಮ್ನಿ ಜೋರಿಗೆ ಇಟ್ಟು, ನ್ಯೂಸ್ ಪೇಪರಿನ ಒಂದು ಹಾಳೆಯನ್ನು ಫಿಲ್ಟರಿಗೆ ಹಿಡಿಯಿರಿ. ಕೈ ಬಿಟ್ಟ ಮೇಲೂ ಅಂಟಿ ನಿಲ್ಲಬೇಕು. ಸುಟ್ಟ ವಾಸನೆ ಬಂದರೆ, ಅಥವಾ ಬಟನ್ ಮುಟ್ಟಿದಾಗ ಚುರುಕ್ ಎಂದರೆ, ಏನನ್ನೂ ಪರೀಕ್ಷೆ ಮಾಡಬೇಡಿ. ಮೇನ್ ಆಫ್ ಮಾಡಿ ಮೆಕ್ಯಾನಿಕ್ಕನ್ನು ಕರೆಯಿರಿ.

ಬಟ್ಟಲನ್ನು ಎಷ್ಟು ದಿನಕ್ಕೊಮ್ಮೆ ತೊಳೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ನಿಮ್ಮ ಚಿಮ್ನಿಯ ಪುಸ್ತಕದಲ್ಲಿ ಬರೆದಿದ್ದರೆ ಅದೇ ಮೊದಲು. ಆದರೆ ದಿನಾ ಮಿರ್ಚಿ ಭಜಿ ಕರಿಯುವ ಮನೆ, ಬರೀ ಒಗ್ಗರಣೆ ಹಾಕುವ ಮನೆ ಎರಡಕ್ಕೂ ಒಂದೇ ಲೆಕ್ಕ ಆಗುವುದಿಲ್ಲ. ಬಟ್ಟಲನ್ನು ತೊಳೆದ ದಿನ ಒಂದು ಟೇಪಿನ ಮೇಲೆ ತಾರೀಖು ಬರೆದು ಚಿಮ್ನಿಯ ಬದಿಗೆ ಅಂಟಿಸಿ. ವಾರಕ್ಕೊಮ್ಮೆ ಇಣುಕಿ ನೋಡಿ. ಅರ್ಧ ತುಂಬಿದ ದಿನವೇ ನಿಮ್ಮ ಮನೆಯ ಗಡುವು. ಮೊದಲ ಸಲ ಗೊತ್ತಿಲ್ಲದಿದ್ದರೆ 15 ದಿನಕ್ಕೊಮ್ಮೆ ಎಂದು ಶುರು ಮಾಡಿ. ಫಿಲ್ಟರನ್ನೂ ಅದೇ ದಿನ ಬಿಸಿ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಬಹುದು. ಕಾಸ್ಟಿಕ್ ಸೋಡಾ ಬೇಡ, ಅಲ್ಯೂಮಿನಿಯಂ ಜಾಲರಿ ಅದರಲ್ಲಿ ಕರಗಿ ಕಪ್ಪಾಗುತ್ತದೆ.

ಆಟೋ ಕ್ಲೀನ್ ಒತ್ತುವ ದಿನ ಕ್ರಮ ತಪ್ಪಬಾರದು. ಒಲೆ ಆರಿರಬೇಕು. ಮೊದಲು ಬಟ್ಟಲು ಖಾಲಿ ಮಾಡಿ, ಸರಿಯಾಗಿ ಕೂರಿಸಿ, ಆಮೇಲೆ ಬಟನ್ ಒತ್ತಿ. ತುಂಬಿದ ಬಟ್ಟಲು ಇಟ್ಟು ಒತ್ತಿದರೆ ಎಣ್ಣೆ ಒಲೆಯ ಮೇಲೆ ಸುರಿಯುತ್ತದೆ. ಅದು ಮುಗಿದ ಮೇಲೂ 15 ನಿಮಿಷ ಬಿಡಿ, ಎಣ್ಣೆ ಇನ್ನೂ ಇಳಿಯುತ್ತಿರುತ್ತದೆ. ಉಗುರು ಬೆಚ್ಚಗಿರುವಾಗ ಬಟ್ಟಲು ತೆಗೆದು ಹಳೆಯ ಪೇಪರಿಗೆ ಸುರಿಯಿರಿ, ಸಿಂಕಿಗೆ ಬೇಡ. ಒಳಗೆ ನೀರು ಸ್ಪ್ರೇ ಮಾಡಲೂ ಬೇಡ, ಅಲ್ಲಿ ಮೋಟರ್ ಇದೆ. ಒಗ್ಗರಣೆ ಹಾಕಿದ ಕೂಡಲೇ ಚಿಮ್ನಿ ಬಂದ್ ಮಾಡುವ ರೂಢಿಯನ್ನೂ ಬಿಡಿ, 5 ನಿಮಿಷ ಓಡಲಿ. ಉಳಿದ ಹಬೆ ಹೊರಗೆ ಹೋಗಲಿ, ಮೋಟರಿಗೂ ಗಾಳಿ ಸಿಗಲಿ. ಇನ್ನು ವರ್ಷಕ್ಕೊಮ್ಮೆ, ದೀಪಾವಳಿಯ ಕರಿಯುವ ಕೆಲಸ ಶುರುವಾಗುವ ಮುಂಚೆ, ಬ್ಲೋವರ್ ಬಿಚ್ಚಿಸಿ ಪೈಪೂ ಹೊರಗಿನ ಬಾಯಿಯೂ ನೋಡಿಸಿ. ದಿನಾ ರೊಟ್ಟಿ ಬಡಿಯುವ ಮನೆಯಾದರೆ ಡಬ್ಬಿಯ ತೂತನ್ನು ಆಗ ತಪ್ಪದೆ ತೋರಿಸಲು ಹೇಳಿ.

ನವನಗರದ ಅಕ್ಕಾರು ಮುಂದಿನ ತಿಂಗಳು ಫೋನ್ ಮಾಡಿದ್ದರು. ಟೇಪಿನ ಪ್ರಕಾರ ಬಟ್ಟಲು 18 ದಿನಕ್ಕೆ ಅರ್ಧ ತುಂಬಿತ್ತಂತೆ. ನೆನಪಿಗೆ ಸುಲಭ ಆಗಲಿ ಎಂದು ಎರಡು ವಾರಕ್ಕೊಮ್ಮೆ ಭಾನುವಾರ ತೊಳೆಯೋಣ ಎಂದು ಮಾತಾಡಿಕೊಂಡೆವು. ರೊಟ್ಟಿ ಬಡಿಯುವ ಕಲ್ಲನ್ನು ಒಲೆಯಿಂದ ಒಂದು ಮಾರು ಆಚೆ ಸರಿಸಿದ್ದಾರಂತೆ.