ಬೊಂಬೆ ನೋಡಲು ಕರೆಯುವಾಗ ಸಂಜೆಯ ಸಮಯ ಹೇಗೆ ಬರೆಯಬೇಕು?

ಪ್ರಶ್ನೆ: ನಾವು ಹೊಸೂರಿನಲ್ಲಿದ್ದೇವೆ. ಮದುವೆಯಲ್ಲಿ ಅಮ್ಮ ಕೊಟ್ಟ ಪಟ್ಟದ ಬೊಂಬೆ ಇಟ್ಟು ಈ ಸಲ ಮೊದಲ ಬಾರಿಗೆ ಬೊಂಬೆ ಕೂರಿಸಬೇಕು ಅಂತಿದ್ದೇವೆ. ಅಕ್ಕಪಕ್ಕದವರನ್ನೂ ಮಕ್ಕಳನ್ನೂ ಕರೆಯಲು ಒಂದು ಆಹ್ವಾನ ಬರೆಯಬೇಕು. "ನವರಾತ್ರಿಯ ಒಂಬತ್ತೂ ದಿನ ಸಂಜೆ ಬನ್ನಿ" ಅಂತ ಬರೆದರೆ ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ನಾನೂ ಮೊದಲ ಎರಡು ವರ್ಷ ಹಾಗೆಯೇ ಬರೆದೆ. ಸೋಮವಾರದಿಂದ ಗುರುವಾರದವರೆಗೆ ಬಂದವರು ಮೂರೋ ನಾಲ್ಕೋ ಜನ. ಮಾಡಿದ ಉಸುಳಿ ಉಳಿಯಿತು. ಶುಕ್ರವಾರ ಏಳು ಗಂಟೆಗೆ ಒಂದೇ ಸಲ ಇಪ್ಪತ್ತೈದು ಜನ ಬಂದರು, ಉಸುಳಿ ಸಾಲಲಿಲ್ಲ. ಮಕ್ಕಳು ದೊಡ್ಡವರ ಕಾಲ ಸಂದಿಯಿಂದ ಬೊಂಬೆ ನೋಡಿ ಹೋದರು. "ಯಾವಾಗ ಬೇಕಾದರೂ ಬನ್ನಿ" ಅಂದರೆ ಜನ "ನಾಳೆ ಹೋದರಾಯಿತು" ಅಂದುಕೊಳ್ಳುತ್ತಾರೆ. ನಾವೂ ಬೇರೆಯವರ ಮನೆಯ ಬೊಂಬೆ ನೋಡಲು ಹೊರಡುವ ಹಾಗಿಲ್ಲ. ಹೊಸೂರಿನ ಒಂದೇ ಬೀದಿಯಲ್ಲಿ ನಮ್ಮ ಬೊಂಬೆ, ತಮಿಳರ ಗೊಲು, ತೆಲುಗಿನವರ ಬೊಮ್ಮಲ ಕೊಲುವು ಮೂರೂ ಇರುತ್ತವೆ. ಎಲ್ಲರೂ ಸಂಜೆ ಆರರಿಂದ ಎಂಟರವರೆಗೆ ಮನೆಯಲ್ಲೇ ಕಾದು ಕೂತರೆ ಯಾರು ಯಾರ ಮನೆಗೆ ಹೋಗುವುದು?

ಅದಕ್ಕೆ ದಿನ ಆರಿಸಿ, ತಾರೀಖು ಹಾಕಿ ಕರೆಯಿರಿ. ಬರೀ "ಪಾಡ್ಯದಿಂದ ನವಮಿವರೆಗೆ" ಅಂತ ಬರೆದರೆ ಗೊಂದಲ ಆಗುತ್ತದೆ. 2025ರಲ್ಲಿ ಸೆಪ್ಟೆಂಬರ್ 22ಕ್ಕೆ ಪಾಡ್ಯ, ಅಕ್ಟೋಬರ್ 1ಕ್ಕೆ ನವಮಿ. ಒಂದು ತಿಥಿ ಎರಡು ದಿನ ಬಂದು ನವರಾತ್ರಿಗೆ ಹತ್ತು ದಿನ ಆಗಿತ್ತು. "ಐದನೇ ದಿನ ಬನ್ನಿ" ಅಂದವರ ಮನೆಗೆ ಕೆಲವರು ಒಂದು ದಿನ ಮೊದಲೇ ಹೋಗಿದ್ದರು.

ಆ ವರ್ಷ ನಾವು ದಿನಗಳನ್ನು ಆರಿಸಿದ್ದು ಹೀಗೆ. ಬೀದಿಯ ಮಕ್ಕಳಿಗೆಲ್ಲ ಕ್ವಾರ್ಟರ್ಲಿ ಪರೀಕ್ಷೆ ನಡೆಯುತ್ತಿತ್ತು. ಅದು ಮುಗಿದದ್ದು 26ರ ಶುಕ್ರವಾರ. ಅದಕ್ಕೂ ಮೊದಲು ಕರೆದರೆ ಮಕ್ಕಳು ಬರುವುದಿಲ್ಲ, ಬಂದರೂ ಅಮ್ಮಂದಿರ ಮನಸ್ಸು ಪುಸ್ತಕದ ಮೇಲೆಯೇ. ಹಾಗಾಗಿ ಮಕ್ಕಳಿಗೆ 27ರ ಶನಿವಾರ ಮತ್ತು 29ರ ಸೋಮವಾರ ಇಟ್ಟೆವು. ದೊಡ್ಡವರಿಗೆ ಶುಕ್ರವಾರ ಒಂದು, ಭಾನುವಾರ ಒಂದು. ಭಾನುವಾರ ಬೇಕೇ ಬೇಕು. ಫ್ಯಾಕ್ಟರಿಯಲ್ಲಿ ಎರಡರಿಂದ ಹತ್ತರ ಶಿಫ್ಟ್ ಇರುವವರಿಗೆ ವಾರದ ಮಧ್ಯೆ ಸಂಜೆ ಅನ್ನುವುದೇ ಇಲ್ಲ. ಆಯುಧಪೂಜೆಯ ಸಂಜೆಗೆ ಕರೆಯಲೇ ಇಲ್ಲ. ಅವತ್ತು ಎಲ್ಲರಿಗೂ ಗಾಡಿ ಪೂಜೆ, ಕಂಪನಿಯ ಪೂಜೆ ಇರುತ್ತದೆ.

ಭಾನುವಾರದಲ್ಲಿ ಒಂದು ವಿಷಯ ಮರೆಯಬೇಡಿ. ಅವತ್ತು ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ. ರೂಢಿಯ ಲೆಕ್ಕದಲ್ಲಿ ವಾರದಲ್ಲಿ ಇಷ್ಟು ಹೊತ್ತಾಗಿ ರಾಹುಕಾಲ ಬೀಳುವುದು ಭಾನುವಾರ ಮಾತ್ರ. ನೀವು ನೋಡದಿದ್ದರೂ ಬರುವ ಅಜ್ಜಿಯರು ನೋಡುತ್ತಾರೆ. ಆ ಹೊತ್ತಿನಲ್ಲಿ ಅವರು ಮನೆಯಿಂದ ಹೊರಡುವುದೂ ಇಲ್ಲ. ಆರೂವರೆ ಅಂತ ಬರೆದರೆ ಅವರಿಗೆ ನಿಧಾನವಾಗಿ ಹೊರಟು ಬರಲು ಹೊತ್ತಿರುತ್ತದೆ.

ಮಕ್ಕಳಿಗೆ ಬೇರೆ ಹೊತ್ತು ಯಾಕೆ ಅಂದರೆ, ಅವರು ಬರುವುದೇ ಬೇರೆ ಥರ. ಹಿಂದೆ ಮಕ್ಕಳು ಗುಂಪು ಕಟ್ಟಿಕೊಂಡು "ಬೊಂಬೆ ಕೂರಿಸಿದ್ದೀರಾ?" ಅಂತ ಮನೆಮನೆಗೆ ಬರುತ್ತಿದ್ದರು. ನೋಡಿದವರ ಕೈಗೆ ಬೊಂಬೆ ಬಾಗಿನ ಅಂತ ತಿಂಡಿ ಕೊಡುತ್ತಿದ್ದರು. ಹಬ್ಬದ ಈ ಭಾಗ ಮಕ್ಕಳದ್ದೇ. ಅವರು ಮೆಟ್ಟಿಲ ಮುಂದೆ ನೆಲದ ಮೇಲೆ ಕೂರಬೇಕು, ಚೆಟ್ಟಿಯಾರ್ ಅಂಗಡಿಯಲ್ಲಿ ಏನೇನಿದೆ ಅಂತ ಕೇಳಬೇಕು, ಯಾವ ಬೊಂಬೆ ಹೊಸದು ಅಂತ ಹುಡುಕಬೇಕು. ಅದಕ್ಕೆ ಒಂದು ಗಂಟೆ ಬೇಕು. ನಮ್ಮಲ್ಲಿ ಸೆಪ್ಟೆಂಬರ್ ಕೊನೆಗೆ ಆರೂಕಾಲಕ್ಕೂ ಮೊದಲೇ ಸೂರ್ಯ ಮುಳುಗುತ್ತದೆ. ಐದೂವರೆಯಿಂದ ಆರೂವರೆ ಅಂದರೆ ಆಟ ಮುಗಿಸಿ ಬಂದು, ಪೂರ್ತಿ ಕತ್ತಲಾಗುವ ಮೊದಲು ಮನೆ ಸೇರುತ್ತಾರೆ.

ಮುಗಿಯುವ ಹೊತ್ತನ್ನೂ ಬರೆಯಿರಿ. "6.30ರ ಮೇಲೆ" ಅಂತ ಬಿಟ್ಟರೆ ಒಂಬತ್ತೂಕಾಲಕ್ಕೂ ಬಾಗಿಲು ತಟ್ಟುತ್ತಾರೆ. ಅವರ ತಪ್ಪಲ್ಲ, ನಾವು ಹೇಳಿಲ್ಲ ಅಷ್ಟೇ.

ನಾವು ಕಳಿಸಿದ ಆಹ್ವಾನ ಇಷ್ಟು:

"ನಮಸ್ಕಾರ. ನಮ್ಮ ಮನೆಯಲ್ಲಿ ಬೊಂಬೆ ಕೂರಿಸಿದ್ದೇವೆ. ನೋಡಲು ಮನೆಮಂದಿಯೆಲ್ಲ ಬನ್ನಿ.
ಮಕ್ಕಳಿಗೆ: ಸೆಪ್ಟೆಂಬರ್ 27 ಶನಿವಾರ, 29 ಸೋಮವಾರ, ಸಂಜೆ 5.30ರಿಂದ 6.30. ಬೊಂಬೆ ಬಾಗಿನ ಇದೆ.
ದೊಡ್ಡವರಿಗೆ: ಸೆಪ್ಟೆಂಬರ್ 26 ಶುಕ್ರವಾರ, 28 ಭಾನುವಾರ, ಸಂಜೆ 6.30ರಿಂದ 8.30. ಆರತಿ 6.45ಕ್ಕೆ.
ಈ ದಿನ ಆಗದಿದ್ದರೆ ಒಂದು ಫೋನ್ ಮಾಡಿ, ಬೇರೆ ದಿನ ಬನ್ನಿ.
ಮೂರನೇ ಕ್ರಾಸ್, ಹಸಿರು ಗೇಟಿನ ಮನೆ, ಮೊದಲ ಮಹಡಿ."

"ಮುತ್ತೈದೆಯರು ಅರಿಶಿನ ಕುಂಕುಮಕ್ಕೆ ಬರಬೇಕು" ಅನ್ನುವ ಸಾಲು ಇದರಲ್ಲಿ ಇಲ್ಲ. ಬೇಕೆಂದೇ ಬಿಟ್ಟೆ. ಆ ಸಾಲು ಓದಿದ ಕೂಡಲೇ ಗಂಡನನ್ನು ಕಳೆದುಕೊಂಡ ನಮ್ಮ ಎದುರು ಮನೆಯ ಅಕ್ಕ "ಇದು ನನಗಲ್ಲ" ಅಂದುಕೊಳ್ಳುತ್ತಾರೆ. ಹಿಂದೊಂದು ವರ್ಷ ಹಾಗೆಯೇ ಆಯಿತು, ಅವರು ಬರಲಿಲ್ಲ. ನನಗೆ ಇವತ್ತಿಗೂ ಆ ನೋವಿದೆ. ಬೊಂಬೆ ನೋಡಲು ಅಂತ ಬರೆದರೆ ಅವರೂ ಬರುತ್ತಾರೆ, ಬೇರೆ ಧರ್ಮದ ನೆರೆಯವರೂ ಸಂಕೋಚ ಇಲ್ಲದೆ ಬರುತ್ತಾರೆ. ಅರಿಶಿನ ಕುಂಕುಮ, ತಾಂಬೂಲ ಹೇಗೂ ಮನೆಯಲ್ಲಿ ಕೊಟ್ಟೇ ಕೊಡುತ್ತೀರಿ.

ನಮ್ಮ ಕಡೆ ಮನೆಯಲ್ಲಿ ಕನ್ನಡ ಮಾತಾಡಿದರೂ ಶಾಲೆಯಲ್ಲಿ ತಮಿಳು ಕಲಿತವರು ಜಾಸ್ತಿ. ಕನ್ನಡ ಅಕ್ಷರ ಓದಲು ಬಾರದವರಿಗೆ ಮೆಸೇಜ್ ಕಳಿಸಿ ಸುಮ್ಮನಾಗಬೇಡಿ. ಅದೇ ಸಾಲುಗಳನ್ನು ನಿಮ್ಮ ದನಿಯಲ್ಲಿ ಹೇಳಿ ಕಳಿಸಿ. ತಮಿಳಿನವರಿಗೆ "ಗೊಲು" ಅನ್ನುವ ಮಾತು ಸೇರಿಸಿದರೆ ಥಟ್ಟನೆ ಗೊತ್ತಾಗುತ್ತದೆ. ತೆಲುಗು ಮನೆಗಳಲ್ಲಿ ಕೆಲವರು ಬೊಂಬೆ ಇಡುವುದು ಸಂಕ್ರಾಂತಿಗೆ. ಅವರು ನವರಾತ್ರಿಯಲ್ಲಿ ಬಿಡುವಾಗಿರುತ್ತಾರೆ, ತಪ್ಪದೆ ಕರೆಯಿರಿ. ಹಿರಿಯರಿರುವ ಮನೆಗೆ ಮಾತ್ರ ಕುಂಕುಮದ ಬಟ್ಟಲು ಹಿಡಿದು ಹೋಗಿ ಕರೆಯುವುದೇ ಸರಿ.

ದಿನ ಗೊತ್ತಾದರೆ ಅಡುಗೆಮನೆಯ ಲೆಕ್ಕವೂ ಸಲೀಸು. ಒಂದು ಕಿಲೋ ಕಡಲೆಕಾಳು ನೆನೆದು ಬೆಂದರೆ ಎರಡು ಕಿಲೋ ದಾಟುತ್ತದೆ. ಸಣ್ಣ ದೊನ್ನೆಯಲ್ಲಿ ಕೊಟ್ಟರೆ ಇಪ್ಪತ್ತೈದು ಜನಕ್ಕೆ ಸಾಕು. ಕಾಳು ರಾತ್ರಿಯೇ ನೆನೆಯಬೇಕು, ಹಾಗಾಗಿ ಎಷ್ಟು ಜನ ಬರಬಹುದು ಅನ್ನುವುದು ಹಿಂದಿನ ದಿನವೇ ತಿಳಿದಿರಬೇಕು. ಬೆಳಿಗ್ಗೆಯೇ ಉಸುಳಿ ಮಾಡಿ ತೆಂಗಿನತುರಿ ಬೆರೆಸಿಟ್ಟರೆ ಸಂಜೆಗೆ ಹಳಸುತ್ತದೆ. ಮುಟ್ಟಿದರೆ ಅಂಟಂಟು, ಮೂಗಿಗೆ ಹುಳಿ ವಾಸನೆ. ಕಾಳು ಬೇಯಿಸಿ ನೀರು ಬಸಿದಿಟ್ಟುಕೊಳ್ಳಿ. ಒಗ್ಗರಣೆ, ತೆಂಗಿನತುರಿ ಜನ ಬರುವ ಅರ್ಧ ಗಂಟೆ ಮೊದಲು ಸಾಕು.

ಇನ್ನು ವಿಜಯದಶಮಿ. ಅವತ್ತು ರಾತ್ರಿ ಆರತಿ ಮಾಡಿ ಪಟ್ಟದ ಬೊಂಬೆಗಳನ್ನು ಮಲಗಿಸುತ್ತೀರಲ್ಲ, ಅದನ್ನು ಆಹ್ವಾನದಲ್ಲಿ ಹಾಕಬೇಕಾಗಿಲ್ಲ. ಆದರೆ ಮಕ್ಕಳು ಬಂದ ದಿನ ಬಾಯಲ್ಲಿ ಹೇಳಿಬಿಡಿ: "ಗುರುವಾರ ಏಳೂವರೆಗೆ ರಾಜ ರಾಣಿ ಮಲಗುತ್ತಾರೆ." ನಮ್ಮ ಮನೆಗೆ ಆ ರಾತ್ರಿ ಏಳು ಮಕ್ಕಳು ಬಂದಿದ್ದರು. ಒಬ್ಬಳು ರಾಣಿಗೆ ಹೊದಿಸಲು ತನ್ನ ಕರ್ಚೀಫ್ ತಂದಿದ್ದಳು.